ವರದಿಯ ಎರಡು ಸಾಲುಗಳು

ಮಕ್ಕಳ ಯೋಚನೆಯಲ್ಲಿದ್ದ ತಡವಳದ ಕಡೆಯ ದಂಪತಿಗಳು ತಮ್ಮ ವಂಶವಾಹಿ ಪರೀಕ್ಷೆಯ ವರದಿಗಳನ್ನು ಓದಿಸಲು ಬಂದಿದ್ದರು. ಹೆಂಡತಿಯು ಗಂಡನಿಗೆ ಅಕ್ಕನ ಮಗಳು. ಇಬ್ಬರ ವರದಿಯಲ್ಲೂ ‘ಥಲಸ್ಸೀಮಿಯಾ ವಾಹಕ’ ಎಂದಿತ್ತು. ಹೆಂಡತಿಯದರಲ್ಲಿ ಬೇರೊಂದು ರೋಗಕ್ಕೆ ಸಂಬಂಧಿಸಿ ‘ಅನಿಶ್ಚಿತ ಮಹತ್ವದ ಮಾರ್ಪಾಡು’ ಎಂಬ ಸಾಲೂ ಇತ್ತು. ಅವರು ಅಂಜಿದ್ದು ಈ ಎರಡನೆಯದಕ್ಕೆ. ಲಕ್ಷ್ಯ ಕೊಡಬೇಕಾದುದು ಮೊದಲನೆಯದಕ್ಕೆ.

ಹೆಚ್ಚಿನ ವಂಶವಾಹಿಗಳು ನಮ್ಮಲ್ಲಿ ಜೋಡಿಯಾಗಿವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ರಕ್ತದ ಹಿಮೋಗ್ಲೋಬಿನ್ ಕಟ್ಟುವ ಈ ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರೇ ವಾಹಕರು. ಅವರು ರೋಗಿಗಳಲ್ಲ; ಹೆಚ್ಚೆಂದರೆ ತುಸು ರಕ್ತಹೀನತೆ ಕಾಣಬಹುದು, ಅದು ಕಬ್ಬಿಣದ ಗುಳಿಗೆಯಿಂದ ಹೋಗುವುದಿಲ್ಲ. ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದು ತಿಳಿಯುತ್ತಾರೆ.

ಆದರೆ ಇಬ್ಬರೂ ವಾಹಕರಾದಾಗ ಲೆಕ್ಕ ಬದಲಾಗುತ್ತದೆ. ಪ್ರತಿ ಗರ್ಭದಲ್ಲೂ ಮಗು ಎರಡೂ ಕೆಟ್ಟ ಪ್ರತಿಗಳನ್ನು ಪಡೆದು ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು. ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಎರಡೂ ಒಳ್ಳೆಯ ಪ್ರತಿ ಪಡೆಯುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ರೋಗಿಯಾದರೆ ಮುಂದಿನ ಮೂವರು ಪಾರಾದರೆಂದಲ್ಲ. ಪ್ರತಿ ಬಾರಿಯೂ ಚೀಟಿಯನ್ನು ಹೊಸದಾಗಿಯೇ ಎತ್ತಿದಂತೆ. ತೀವ್ರ ರೋಗವುಳ್ಳ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಿರಬೇಕು. ಸೋದರಸಂಬಂಧದಲ್ಲಿ ಒಬ್ಬನೇ ಹಿರಿಯನ ಕೆಟ್ಟ ಪ್ರತಿ ಇಬ್ಬರಿಗೂ ಇಳಿದಿರುವ ಸಾಧ್ಯತೆ ಹೆಚ್ಚು. ಹೊರಸಂಬಂಧವಾದರೂ ಇಬ್ಬರು ವಾಹಕರು ಕೂಡಬಹುದು.

ಇನ್ನು ‘ಅನಿಶ್ಚಿತ’. ನ್ಯಾಯಾಲಯದ ಭಾಷೆಯಲ್ಲಿ ಇದು ತನಿಖೆ ಬಾಕಿಯಿರುವ ಪ್ರಕರಣ. ಶಿಕ್ಷೆಯೂ ಅಲ್ಲ, ಬಿಡುಗಡೆಯೂ ಅಲ್ಲ. ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾಗಿದೆ, ಅದು ಹಾನಿಕರವೇ ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದಷ್ಟೇ ಅರ್ಥ. ಮುಂದೆ ತೀರ್ಮಾನವಾಗುವ ಇಂಥ ಮಾರ್ಪಾಡುಗಳಲ್ಲಿ ಹೆಚ್ಚಿನವು ನಿರಪಾಯಕಾರಿ ಎಂದೇ ಆಗುತ್ತವೆ. ಅದನ್ನೇ ನೆಚ್ಚಿ ಮಗು ಬೇಡವೆನ್ನುವುದಾಗಲಿ ಗರ್ಭ ತೆಗೆಸುವುದಾಗಲಿ ಸಲ್ಲದು. ಇವರ ವಿಷಯದಲ್ಲಿ ಆ ರೋಗಕ್ಕೆ ಎರಡೂ ಪ್ರತಿ ಕೆಡಬೇಕು. ಗಂಡನ ಅದೇ ವಂಶವಾಹಿಯಲ್ಲಿ ದೋಷ ಕಂಡಿಲ್ಲ. ಆದ್ದರಿಂದ ವರದಿಯನ್ನು ಜೋಪಾನವಾಗಿಟ್ಟು, ಒಂದೆರಡು ವರ್ಷಕ್ಕೊಮ್ಮೆ ಅದರ ತೀರ್ಮಾನ ಬದಲಾಗಿದೆಯೇ ಎಂದು ವಂಶವಾಹಿ ತಜ್ಞರನ್ನು ಕೇಳಿದರೆ ಸಾಕು.

ಥಲಸ್ಸೀಮಿಯಾದ ವಿಷಯದಲ್ಲಿ ಮಾತ್ರ ಗರ್ಭಕ್ಕೆ ಮೊದಲೇ ತಜ್ಞರ ಸಲಹೆ ಪಡೆಯಬೇಕು. ಗರ್ಭದ 11ರಿಂದ 14ನೆಯ ವಾರದೊಳಗೆ ಮಾಸದ ಚೂರು ತೆಗೆದು ಪರೀಕ್ಷಿಸಿದರೆ ಮಗುವಿಗೆ ರೋಗವಿದೆಯೇ ಎಂದು ತಿಳಿಯುತ್ತದೆ. ಗರ್ಭ ಇಳಿದುಹೋಗುವ ಅಲ್ಪ ಅಪಾಯವೂ ಉಂಟು. 1994ರ ಪ್ರಸವಪೂರ್ವ ಪರೀಕ್ಷೆಗಳ ಕಾಯದೆಯು ಹಿಮೋಗ್ಲೋಬಿನ್ ರೋಗಗಳ ಪತ್ತೆಗೆ ಅವಕಾಶ ಕೊಟ್ಟಿದೆ. ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಅಪರಾಧ. ಇದೇ ಕಾಯದೆಯ 5ನೆಯ ಕಲಮಿನಂತೆ ಪರೀಕ್ಷೆಯ ಅಪಾಯಗಳನ್ನು ಗರ್ಭಿಣಿಗೆ ಮೊದಲು ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು. ಕನ್ನಡವಷ್ಟೇ ಬಲ್ಲ ಹೆಣ್ಣುಮಗಳು ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಮಾಡಬೇಕಾಗಿಲ್ಲ. ಗಂಡನ ಅಥವಾ ಅತ್ತೆಯ ಒಪ್ಪಿಗೆ ಆಕೆಯ ಒಪ್ಪಿಗೆಗೆ ಬದಲಿಯಾಗದು.