ರಜೆ ದುಡಿಯುವ ಊರಿನದೋ, ಮತವಿರುವ ಊರಿನದೋ?

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕಕ್ಕೆ ಎರಡು ಮತದಾನದ ದಿನಗಳಿದ್ದವು. ಬೆಂಗಳೂರು ಸೇರಿದಂತೆ 14 ಕ್ಷೇತ್ರಗಳಲ್ಲಿ ಏಪ್ರಿಲ್ 26ರಂದು, ವಿಜಯಪುರ ಸೇರಿದಂತೆ ಉಳಿದ 14 ಕ್ಷೇತ್ರಗಳಲ್ಲಿ ಮೇ 7ರಂದು ಮತದಾನ ನಡೆಯಿತು. ಗಡಿಯಾಚೆ ಸೊಲ್ಲಾಪುರದಲ್ಲಿ ಮೇ 7, ಪುಣೆಯಲ್ಲಿ ಮೇ 13. ದುಡಿಮೆಗಾಗಿ ಹೊರ್ತಿಯನ್ನು ಬಿಟ್ಟು ಇಂತಹ ನಗರಗಳನ್ನು ಸೇರಿದವನ ಹೆಸರು ಮತದಾರರ ಪಟ್ಟಿಯಲ್ಲಿ ಹೊರ್ತಿಯಲ್ಲಿಯೇ ಉಳಿದಿರುತ್ತದೆ. ಅವನು ಮೇ 7ಕ್ಕೆ ರಜೆ ಕೇಳಿದರೆ, ಇಲ್ಲಿಯ ರಜೆ ಅಂದಲ್ಲವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾಲೀಕನಿಗೆ ಇದು ನ್ಯಾಯವೆಂದೇ ತೋರಬಹುದು. ಆದರೆ ಕಾನೂನು ಹಾಗೆ ಹೇಳುವುದಿಲ್ಲ.

ಮತದಾನದ ದಿನ ಸರಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ ಘೋಷಿಸುವ ಪದ್ಧತಿ ಹಳೆಯದು. ಖಾಸಗಿ ನೌಕರನ ಮಟ್ಟಿಗೆ ಮಾತ್ರ ಅದು ಮಾಲೀಕನ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಒಂದು ದಿನದ ಕೂಲಿಗೂ ಒಂದು ಮತಕ್ಕೂ ನಡುವೆ ಆಯ್ಕೆ ಮಾಡಬೇಕಾದಾಗ ಬಡವನು ಕೂಲಿಯನ್ನು ಆರಿಸಿದರೆ ಅವನನ್ನು ದೂರುವಂತಿಲ್ಲ. 1996ರಲ್ಲಿ 1951ರ ಪ್ರಜಾಪ್ರತಿನಿಧಿ ಕಾಯಿದೆಗೆ 135-ಬಿ ಕಲಮನ್ನು ಸೇರಿಸಿದ್ದು ಈ ಇಕ್ಕಟ್ಟನ್ನು ನಿವಾರಿಸಲೆಂದೇ. ಯಾವುದೇ ವ್ಯಾಪಾರ, ಉದ್ಯಮ ಅಥವಾ ಸಂಸ್ಥೆಯಲ್ಲಿ ದುಡಿಯುವ, ಲೋಕಸಭೆ ಇಲ್ಲವೇ ವಿಧಾನಸಭೆಯ ಚುನಾವಣೆಯಲ್ಲಿ ಮತ ಹಾಕಲು ಅರ್ಹನಾದ ವ್ಯಕ್ತಿಗೆ ಮತದಾನದ ದಿನ ರಜೆ ಕೊಡಬೇಕು, ಅದಕ್ಕಾಗಿ ಸಂಬಳ ಕಡಿಯಬಾರದು ಎಂದು ಅದು ವಿಧಿಸುತ್ತದೆ. ಕೆಲಸ ಮಾಡಿದ ದಿನಕ್ಕಷ್ಟೇ ಕೂಲಿ ಎಂಬ ಕರಾರಿದ್ದರೂ ಅಂದಿನ ಕೂಲಿ ಸಲ್ಲಬೇಕು. ದಿನಗೂಲಿ ಮತ್ತು ತಾತ್ಕಾಲಿಕ ಕೆಲಸಗಾರರಿಗೂ, ತನ್ನ ಕ್ಷೇತ್ರದ ಹೊರಗೆ ದುಡಿಯುವ ಮತದಾರನಿಗೂ ಇದು ಅನ್ವಯಿಸುತ್ತದೆಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. 2025ರ ಬಿಹಾರ ಚುನಾವಣೆಯ ಸಂದರ್ಭದಲ್ಲಿಯೂ ಅದನ್ನೇ ಪುನರುಚ್ಚರಿಸಿತು.

ಗೊಂದಲ ಹುಟ್ಟುವುದು ಘೋಷಣೆಯ ಕ್ರಮದಿಂದ. ಆಯೋಗವು ದಿನಾಂಕ ಪ್ರಕಟಿಸಿದ ಬಳಿಕ ರಾಜ್ಯ ಸರಕಾರವು ಅಂದು ಮತದಾನ ನಡೆಯುವ ಪ್ರದೇಶಗಳಿಗೆ ಮಾತ್ರ ಸಾರ್ವತ್ರಿಕ ರಜೆಯ ಅಧಿಸೂಚನೆ ಹೊರಡಿಸುತ್ತದೆ. 2023ರ ಮೇ 10ರಂದು ಇಡೀ ರಾಜ್ಯದಲ್ಲಿ ಒಂದೇ ದಿನ ವಿಧಾನಸಭಾ ಚುನಾವಣೆ ನಡೆದುದರಿಂದ ಈ ತೊಡಕು ಕಾಣಲಿಲ್ಲ. ಆದರೆ 2021ರ ಅಕ್ಟೋಬರ್ 30ರ ಉಪಚುನಾವಣೆ ನಮ್ಮ ಜಿಲ್ಲೆಯಲ್ಲಿ ಸಿಂದಗಿ ಕ್ಷೇತ್ರಕ್ಕೆ ಮಾತ್ರವಿತ್ತು. ಅಂದು ಹೊರ್ತಿಯ ಅಂಗಡಿ ಎಂದಿನಂತೆ ತೆರೆದಿರಬಹುದಿತ್ತು. ಆದರೆ ಆ ಅಂಗಡಿಯಲ್ಲಿ ದುಡಿಯುವ ಸಿಂದಗಿಯ ಮತದಾರನಿಗೆ ಕೂಲಿ ಸಹಿತ ರಜೆ ಸಲ್ಲಬೇಕಾಗಿತ್ತು. ಸ್ಥಳೀಯ ಅಧಿಸೂಚನೆ ಯಾವ ಕಚೇರಿ ಮುಚ್ಚಬೇಕೆಂದು ತಿಳಿಸುತ್ತದೆ. ಕಾರ್ಮಿಕನ ಹಕ್ಕನ್ನು ನಿರ್ಧರಿಸುವುದು ಅವನ ಮತಗಟ್ಟೆಯ ದಿನಾಂಕ.

ದಿನಕ್ಕೆ 600 ರೂಪಾಯಿಯಂತೆ ಪುಣೆಯ ಬೇಕರಿಯೊಂದರಲ್ಲಿ ದುಡಿಯುವ ಹೊರ್ತಿಯ ಯುವಕನೊಬ್ಬನಿದ್ದನೆಂದುಕೊಳ್ಳೋಣ. 2024ರ ಮೇ 6ರ ರಾತ್ರಿ ಬಸ್ಸು ಹತ್ತಿ, 7ರ ಮಂಗಳವಾರ ಊರಿನಲ್ಲಿ ಮತ ಹಾಕಿ, ಅಂದು ರಾತ್ರಿಯೇ ಹೊರಟು 8ರಂದು ಕೆಲಸಕ್ಕೆ ಹಾಜರಾದರೆ 7ನೇ ತಾರೀಖಿನ 600 ರೂಪಾಯಿ ಅವನಿಗೆ ಸಲ್ಲಬೇಕು. ಪ್ರಯಾಣಕ್ಕೆ ಇನ್ನೊಂದು ದಿನ ತಗಲಿದರೆ ಅದರ ಕೂಲಿಯನ್ನು ಈ ಕಲಮಿನಡಿ ಕೇಳಲಾಗದು. ಇದು ಕಾನೂನಿನ ಮಿತಿ, ದೂರದೂರಿನ ಕಾರ್ಮಿಕನಿಗೆ ಸಣ್ಣ ಮಿತಿಯೂ ಅಲ್ಲ. ಎರಡು ಗಂಟೆ ಬಿಡುತ್ತೇನೆ, ಮತ ಹಾಕಿ ಬಾ ಎನ್ನುವುದಾಗಲಿ, ಬದಲಿಗೆ ಮುಂದಿನ ವಾರದ ರಜೆಯನ್ನು ಕಿತ್ತುಕೊಳ್ಳುವುದಾಗಲಿ ರಜೆ ಕೊಟ್ಟಂತಾಗುವುದಿಲ್ಲ. ಗೈರುಹಾಜರಿಯಿಂದ ಅಪಾಯ ಅಥವಾ ಗಣನೀಯ ನಷ್ಟವಾಗುವಂತಹ ಕೆಲಸದಲ್ಲಿರುವವನಿಗೆ ಮಾತ್ರ ಕಾಯಿದೆಯಲ್ಲಿ ವಿನಾಯಿತಿಯಿದೆ. ತುರ್ತು ಚಿಕಿತ್ಸಾ ಘಟಕದ ಸಿಬ್ಬಂದಿಗೆ ಅದು ಒಪ್ಪುವ ಮಾತು. ಬ್ರೆಡ್ಡಿನ ಒಂದು ದಿನದ ವ್ಯಾಪಾರವನ್ನು ಅದಕ್ಕೆ ಸಮನಾಗಿಡುವುದು ನಮಗೆ ಸರಿಕಾಣುವುದಿಲ್ಲ.

ಹೊರಗಿನ ಮಾಲೀಕರನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಗ್ಯಾರೇಜು, ಬೇಕರಿ, ಹೋಟೆಲು, ಹಣ್ಣಿನ ಮಂಡಿಗಳನ್ನು ನಡೆಸುವವರಲ್ಲಿ ನಮ್ಮವರೂ ಬಹಳಿದ್ದಾರೆ. ಕೂಲಿಕಾರನ ಹಕ್ಕಿನ ಬಗ್ಗೆ ಜುಮಾ ಖುತುಬಾದಲ್ಲಿ ಕೇಳಿ ತಲೆದೂಗುವವರೇ, ಮತದಾನದ ದಿನ ಊರಿಗೆ ಹೋದ ಹುಡುಗನ ಲೆಕ್ಕದಲ್ಲಿ ಗೈರು ಎಂದು ಬರೆಯುವುದುಂಟು. ಸಮುದಾಯದ ಮತ ಚದುರಿತು, ಪಟ್ಟಿಯಲ್ಲಿ ಹೆಸರಿದ್ದವರು ಬರಲಿಲ್ಲ ಎಂದು ಫಲಿತಾಂಶದ ಮರುದಿನ ಹಲುಬುವ ನಾವು ಆ ಗೈರಿನ ಲೆಕ್ಕವನ್ನೂ ತೆರೆದು ನೋಡಬೇಕು.

ಉಲ್ಲಂಘಿಸಿದ ಮಾಲೀಕನಿಗಿರುವ ಶಿಕ್ಷೆ 500 ರೂಪಾಯಿವರೆಗಿನ ದಂಡ ಮಾತ್ರ. ಮೇಲಿನ ಉದಾಹರಣೆಯ ಒಂದು ದಿನದ ಕೂಲಿಗಿಂತಲೂ ಇದು ಕಡಿಮೆ. ಆದ್ದರಿಂದ ದಂಡದ ಭಯವನ್ನು ನೆಚ್ಚದೆ, ದಿನಾಂಕ ಘೋಷಣೆಯಾದೊಡನೆ ಮತದಾರರ ಗುರುತಿನ ಚೀಟಿಯ ಪ್ರತಿಯೊಂದಿಗೆ ರಜೆಯ ಅರ್ಜಿಯನ್ನು ಬರೆದುಕೊಟ್ಟು, ಅದರ ನಕಲೊಂದನ್ನು ಇಟ್ಟುಕೊಳ್ಳುವುದು ಲೇಸು. ನಿರಾಕರಿಸಿದರೆ ಮತದಾನಕ್ಕೆ ಮುನ್ನವೇ ದುಡಿಯುವ ಊರಿನ ಕಾರ್ಮಿಕ ಇಲಾಖೆಗೋ ಜಿಲ್ಲಾ ಚುನಾವಣಾಧಿಕಾರಿಗೋ ದೂರು ಕೊಡಬಹುದು. 1950 ಸಂಖ್ಯೆಯ ಮತದಾರರ ಸಹಾಯವಾಣಿಯೂ ಇದೆ. ಗ್ರಾಮ ಪಂಚಾಯಿತಿಯಂತಹ ಸ್ಥಳೀಯ ಚುನಾವಣೆಗಳು ಮಾತ್ರ 135-ಬಿ ಕಲಮಿನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಅವುಗಳಿಗೆ ರಾಜ್ಯ ಸರಕಾರ ಹೊರಡಿಸುವ ಪ್ರತ್ಯೇಕ ಆದೇಶವನ್ನು ನೋಡಿಕೊಳ್ಳಬೇಕು.