ರಾಜಿ ಪತ್ರಕ್ಕೆ ನಾಲ್ಕು ಕಾಲಂ

ದೀಪಾವಳಿ ಮುಗಿದ ಮೇಲೊಂದು ಸಂಜೆ ನಮ್ಮ ಹುಲಗೂರಿನ ಓಣಿಯ ಒಬ್ಬ ರೈತ ಛಾಪಾ ಕಾಗದ ಹಿಡಿದು ಮನೆಗೆ ಬಂದ. "ಕಾಕಾ, ನಾಳೆ ಇದಕ್ಕ ಸಹಿ ಹಾಕೂದೈತಿ. ಒಮ್ಮೆ ಓದಿ ಹೇಳ್ರಿ," ಅಂದ.

ವಿಷಯ ಇಷ್ಟು. ಗೋವಿನಜೋಳ ಕೊಂಡ ವ್ಯಾಪಾರಿಯೊಬ್ಬ ಕೊಟ್ಟ 1,80,000 ರೂಪಾಯಿ ಚೆಕ್ಕು ಹಣವಿಲ್ಲದೆ ವಾಪಸ್ ಬಂದಿತ್ತು. ರೈತ ಶಿಗ್ಗಾಂವಿಯ ಕೋರ್ಟಿನಲ್ಲಿ ಚೆಕ್ ಬೌನ್ಸ್ ಕೇಸು ಹಾಕಿದ್ದ. ಈಗ 1,50,000ಕ್ಕೆ ರಾಜಿ. ಕಾಗದ ಬರೆಸಿದವರು ವ್ಯಾಪಾರಿಯ ಕಡೆಯವರು.

ಇಂಥ ಕಾಗದವನ್ನು ಕಥೆಯಂತೆ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕು ಎಂದೆ: ಹಣ, ಬಿಟ್ಟುಕೊಟ್ಟ ಹಕ್ಕು, ಕೇಸು, ತಪ್ಪಿದರೆ. ನಾನು ಒಂದೊಂದು ವಾಕ್ಯ ಓದುವುದು, ಅದು ಯಾವ ಕಾಲಮ್ಮಿಗೆ ಸೇರುತ್ತದೆಯೋ ಅಲ್ಲಿ ಅವಳು ಬರೆಯುವುದು.

ಮೊದಲನೆಯದು ಬೇಗ ತುಂಬಿತು. ತಿಂಗಳಿಗೆ 30,000ದಂತೆ ಐದು ಕಂತು, ಪ್ರತಿ ತಿಂಗಳ 10ನೇ ತಾರೀಖಿನೊಳಗೆ. ಹೇಗೆ ಕೊಡುವುದು ಎಂದು ಮಾತ್ರ ಬರೆದಿರಲಿಲ್ಲ. ಚೆಕ್ಕು ಕೈಗೆ ಬಂದ ದಿನ ಹಣ ಬಂದ ದಿನವಲ್ಲ, ಅದು ಖಾತೆಗೆ ಜಮಾ ಆಗಬೇಕು. ಜೀವನವಿಡೀ ಕೌಂಟರಿನಲ್ಲಿ ಕುಳಿತವನಿಗೆ ಇದು ಮೊದಲು ಕಣ್ಣಿಗೆ ಬೀಳುತ್ತದೆ. 10ನೇ ತಾರೀಖು ಎರಡನೇ ಶನಿವಾರವೋ ಭಾನುವಾರವೋ ಆದರೆ ಏನು ಎಂಬುದೂ ಇರಲಿಲ್ಲ.

ಎರಡನೇ ಕಾಲಮ್ಮಿಗೆ ಒಂದೇ ವಾಕ್ಯ ಸಿಕ್ಕಿತು: ಇಂದಿನಿಂದ ಪರಸ್ಪರ ಯಾವುದೇ ಬಾಕಿ, ಹಕ್ಕು ಇರುವುದಿಲ್ಲ. ನಾನು ಕೇಳಿದೆ, "ಅವರ ಕಡೆಯಿಂದ ಬ್ಯಾರೆ ಏನರ ಬರೂದೈತೇನು?" ಹೋದ ವರ್ಷದ ಹತ್ತಿಯ ಬಾಬತ್ತು 12,000 ಬರಬೇಕಂತೆ. ಈ ವಾಕ್ಯಕ್ಕೆ ಸಹಿ ಬಿದ್ದರೆ ಅದೂ ಹೋಯಿತು. ಅದಲ್ಲದೆ ಒಂದು ರೂಪಾಯಿ ಬರುವ ಮೊದಲೇ ಹಕ್ಕು ಬಿಟ್ಟಂತಾಯಿತು.

ಮೂರನೆಯದು: ಕೇಸು ನಾಳೆಯೇ ವಾಪಸ್.

"ಅಜ್ಜಾ, ನಾಕನೇದು ಖಾಲಿ ಐತಿ," ಅಂದಳು ಹುಡುಗಿ. ಕಂತು ತಪ್ಪಿದರೆ ಕಾನೂನು ಪ್ರಕಾರ ಕ್ರಮ ಜರುಗಿಸಬಹುದು ಎಂದು ಒಂದು ಸಾಲು ಇತ್ತು ನಿಜ. ಅದರಿಂದ ಎಷ್ಟು ಹಣ, ಯಾವಾಗ ಕೇಳಬಹುದು ಎಂಬುದು ತಿಳಿಯುವುದಿಲ್ಲ. ಎರಡು ಕಂತು, ಅಂದರೆ 60,000 ಕೊಟ್ಟು ಮೂರನೆಯದು ನಿಂತಿತು ಎನ್ನಿ. ಆಗ ಕೇಳಬೇಕಾದ್ದು ಆ ತಿಂಗಳ 30,000ವೋ, ಉಳಿದ 90,000ವೋ, ಮೂಲ ಸಾಲದ ಲೆಕ್ಕದಲ್ಲಿ 1,20,000ವೋ? ಮೂರೂ ಬೇರೆ ಬೇರೆ ಉತ್ತರ.

ಕೇರಳದ ಎರ್ನಾಕುಲಂನಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣ ನನಗೆ ಆಗ ನೆನಪಾಯಿತು. ಅದೂ ಚೆಕ್ ಬೌನ್ಸ್ ಕೇಸೇ, ಮೊತ್ತ ಬರೀ 6,000. ಲೋಕ ಅದಾಲತ್‌ನಲ್ಲಿ 1,200ರ ಐದು ಕಂತಿಗೆ ರಾಜಿಯಾಗಿತ್ತು. ತಪ್ಪಿದರೆ ಬಾಕಿಯನ್ನೆಲ್ಲ ಒಟ್ಟಿಗೆ ವಸೂಲು ಮಾಡಬಹುದು ಎಂದೂ ಬರೆದಿತ್ತು. ಹಣ ಬರಲಿಲ್ಲ. ಕ್ರಿಮಿನಲ್ ಕೋರ್ಟಿನಿಂದ ಬಂದ ರಾಜಿ ಎಂದು ಕೆಳಗಿನ ಕೋರ್ಟುಗಳು ವಸೂಲಿಗೆ ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು, ಲೋಕ ಅದಾಲತ್ ಕೊಟ್ಟ ಅವಾರ್ಡು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದನ್ನು ಜಾರಿ ಮಾಡಿಸಬಹುದು ಎಂದಿತು.

ನಮ್ಮವನ ಛಾಪಾ ಕಾಗದಕ್ಕೆ ಆ ಬಲ ಇರಲಿಲ್ಲ. ಕೇಸು ವಾಪಸ್ ಪಡೆದ ಮೇಲೆ ಹಣ ನಿಂತರೆ ಆ ಕಾಗದ ಹಿಡಿದು ಹೊಸ ದಾವೆ ಹೂಡಬೇಕು. ಅದಾಲತ್‌ನಲ್ಲಿಯೂ ಕೇಸು ಅಂದೇ ಮುಗಿಯುತ್ತದೆ, ಆದರೆ ಕೈಯಲ್ಲಿ ಡಿಕ್ರಿ ಉಳಿಯುತ್ತದೆ. ಅಲ್ಲಿಯ ಅವಾರ್ಡಿನ ಮೇಲೆ ಅಪೀಲು ಇಲ್ಲವಾದ್ದರಿಂದ ಓದುವುದನ್ನೆಲ್ಲ ಸಹಿಗೆ ಮೊದಲೇ ಓದಬೇಕು.

ಮರುದಿನ ಅವನು ಸಹಿ ಹಾಕಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ತನ್ನ ವಕೀಲರ ಹತ್ತಿರ ಹೋದ. ರಾಜಿ ಅದಾಲತ್ ಮುಂದೆ ಹೊಸದಾಗಿ ಬರೆಯಲ್ಪಟ್ಟಿತು. ಹಣ ಬ್ಯಾಂಕ್ ಖಾತೆಗೇ ಜಮಾ ಆಗಬೇಕು. ಬ್ಯಾಂಕಿಗೆ ರಜೆ ಇದ್ದರೆ ಮರುದಿನ. ಹಕ್ಕು ಬಿಡುವುದು ಈ ಚೆಕ್ಕಿನ ಮಟ್ಟಿಗೆ ಮಾತ್ರ, ಅದೂ ಐದನೇ ಕಂತು ಜಮಾ ಆದ ದಿನ.

ನಾಲ್ಕನೇ ಕಾಲಮ್ಮಿನ ಮಾತನ್ನು ವಕೀಲರು ಜಾಣತನದಿಂದ ಬರೆದಿದ್ದರು. ಸಾಲ 1,80,000 ಎಂದು ವ್ಯಾಪಾರಿ ಮೊದಲು ಒಪ್ಪಿದ. ಐದೂ ಕಂತು ವೇಳೆಗೆ ಬಂದರೆ 30,000 ರಿಯಾಯಿತಿ. ಏಳು ದಿನಕ್ಕಿಂತ ತಡವಾದರೆ ರಿಯಾಯಿತಿ ಇಲ್ಲ, ಬಾಕಿ ಎಲ್ಲ ಒಮ್ಮೆಲೇ. ಸಾಲ 1,50,000 ಎಂದು ಬರೆದು ತಪ್ಪಿದರೆ 30,000 ದಂಡ ಎಂದಿದ್ದರೆ ಕೋರ್ಟು ಆ ದಂಡವನ್ನು ಕಡಿಮೆ ಮಾಡುವ ಸಾಧ್ಯತೆ ಇರುತ್ತದೆ. ಲೆಕ್ಕ ಒಂದೇ, ಬರೆಯುವ ರೀತಿ ಬೇರೆ. ಬಿ.ಕಾಂ. ಓದಿದ ನನಗೂ ಇದು ಹೊಳೆದಿರಲಿಲ್ಲ.

ಮೂರನೇ ಕಂತು 14ಕ್ಕೆ ಬಂತು. ಏಳು ದಿನದೊಳಗೇ ಇದೆ ಎಂದು ಮೊಮ್ಮಗಳು ಬೆರಳು ಮಡಿಚಿ ಎಣಿಸಿದಳು. ಇನ್ನೆರಡು ಉಳಿದಿವೆ, 12,000ದ ಮಾತು ಅದರ ನಂತರ.