ಕಂಬ ತಿರುಗಿಸಿದ ಕೈ ಯಾರವು?



ಹೋದ ವಾರ ಬಾದಾಮಿಯ ಮೂರನೇ ಗುಹೆಯೊಳಗ ಗೈಡ್ ಒಬ್ಬರು ಹುಡುಗರಿಗೆ ಹೇಳ್ತಿದ್ರು, "578ರಲ್ಲಿ, ಮಂಗಳೇಶ ಮಾಡಿಸಿದ್ದು." ಕೆಲಸ ಮಾಡಿದವರು ಯಾರ್ರೀ ಅಂದೆ. "ಶಿಲ್ಪಿಗಳು" ಅಂದು ಮುಂದ ನಡೆದ್ರು.

ಉತ್ತರ ಕಲ್ಲಿನಲ್ಲೇ ಐತಿ. ಆ ಗುಹೆಯ ಕಂಬಗಳನ್ನು ಗುಡ್ಡದಿಂದ ಬಿಡಿಸಿಯೇ ಇಲ್ಲ. ಕಂಬ ತಿರುಗಲ್ಲ, ಕೆತ್ತುವವನೇ ಅದರ ಸುತ್ತ ತಿರುಗಬೇಕು. ಐನೂರು ವರ್ಷ ದಾಟಿ ಗದಗ ಹತ್ತಿರದ ಲಕ್ಕುಂಡಿಗೆ ಬನ್ನಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಬಳೆ, ಗಂಟೆ, ತಟ್ಟೆ ಒಂದರ ಮೇಲೊಂದು ಪೇರಿಸಿದಂಗ ದುಂಡನೆಯ ಕಂಬಗಳು. ಇಲ್ಲಿ ಕಂಬವೇ ತಿರುಗಿದೆ.

ಬಾದಾಮಿಯದು ಮರಳುಗಲ್ಲು, ಲಕ್ಕುಂಡಿಯದು ಬಳಪದ ಕಲ್ಲು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಮೊದಲು ಉಳಿಯಿಂದ ಒರಟಾಗಿ ದುಂಡಗೆ ಮಾಡಿ, ಆಮೇಲೆ ತಿರುಗಣೆಯಲ್ಲಿ ಕಡೆದರು. ಕಂಬ ತಿರುಗುವಾಗ ಉಳಿಯನ್ನು ಒಂದೇ ಎತ್ತರದಲ್ಲಿ ಹಿಡಿದರೆ ಸುತ್ತಲೂ ಒಂದೇ ಆಳದ ಗೆರೆ ಬೀಳುತ್ತೆ. ಬೆರಳಿಟ್ಟು ನೋಡ್ರಿ, ಎಲ್ಲೂ ತುಂಡಾಗಲ್ಲ. ಕಂಬ ಚೂರು ವಾಲಿದ್ದರೆ ಒಂದು ಬದಿ ಆಳ, ಇನ್ನೊಂದು ಬದಿ ತೇಲು. ಕಡೆದುಹೋದ ಕಲ್ಲನ್ನು ಮತ್ತೆ ಅಂಟಿಸೋಕಾಗಲ್ಲ. ಬುಡ ಮಾತ್ರ ಚೌಕಾಗಿಯೇ ಉಳಿದಿದೆ, ಅಲ್ಲಿ ಉಳಿ ಹಿಡಿದಿಲ್ಲ. ಇಷ್ಟು ಭಾರದ ಕಲ್ಲನ್ನು ಉಳಿ ಹಿಡಿದವನೊಬ್ಬನೇ ತಿರುಗಿಸಲಾರ. ತಿರುಗಿಸಿದ ಕೈಗಳು ಬೇರೆ ಇದ್ದವು.

ಅಲ್ಲಿಂದ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗ್ರಿ. 12ನೇ ಶತಮಾನದ್ದು. ಗರ್ಭಗುಡಿಯ ತಳ 24 ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದೇ ನಡುವಿನ ಮೇಲೆ 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಇಟ್ಟರೆ ಈ ಆಕಾರ ಬರುತ್ತೆ. ಇದಕ್ಕೆ ಓದು ಬೇಕಿಲ್ಲ, ಗೂಟ ಮತ್ತು ಹಗ್ಗ ಸಾಕು. ಗೂಟದ ಸುತ್ತ ವೃತ್ತ ಎಳೆದು, ಅದೇ ಹಗ್ಗದ ಅಳತೆಯನ್ನು ಅಂಚಿನ ಮೇಲೆ ಇಡುತ್ತಾ ಹೋದರೆ ಸರಿಯಾಗಿ ಆರು ಸಲ ಬರುತ್ತೆ. ಪ್ರತಿ ಭಾಗವನ್ನು ಎರಡು, ಮತ್ತೆ ಎರಡು ಮಾಡಿದರೆ 24. ಅಳತೆ ಒಂದು ಕಡೆ ಜಾರಿದರೂ ಕೊನೆಯ ಮೂಲೆ ಮೊದಲನೆಯದಕ್ಕೆ ಕೂಡಲ್ಲ. ತಳ ತಪ್ಪಿದರೆ ಗೋಡೆ, ಶಿಖರ ಎಲ್ಲಾ ತಪ್ಪು, ಯಾಕಂದ್ರೆ ಅದೇ ಮೂಲೆಗಳು ಮೇಲಿನವರೆಗೂ ಹೋಗ್ತಾವ.

ಈ ಲೆಕ್ಕ ಇದ್ದದ್ದು ಅಕ್ಷರ ಕಲಿತವರ ತಾಳೆಗರಿಯಲ್ಲಷ್ಟೇ ಅಲ್ಲ, ಹಗ್ಗ ಹಿಡಿದವರ ಕೈಯಲ್ಲೂ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗುಂಡ ಅನಿವಾರಿತಾಚಾರಿ ಅನ್ನೋ ಮುಖ್ಯ ಸ್ಥಪತಿಯ ಹೆಸರು ಬಿರುದಿನ ಸಮೇತ ಉಳಿದಿದೆ, ಸಂತೋಷ. ಬಂಡೆ ಸೀಳಿದವರು, ಹೊತ್ತವರು, ಕಂಬ ತಿರುಗಿಸಿದವರು ಮಾತ್ರ ಆ ಸಾಲಿನಲ್ಲಿಲ್ಲ.

ನಮ್ಮಪ್ಪ ಇಳಕಲ್ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆದವ. ಸುತ್ತಿಗೆಯ ಸಪ್ಪಳ ಕೇಳಿ ಬಂಡೆ ಎಲ್ಲಿ ಬಿರಿಯುತ್ತೆ ಅಂತ ಹೇಳ್ತಿದ್ದ. ಕೊನೆಗೆ ಧೂಳು ಅವನ ಎದೆಯಲ್ಲಿ ಕೂತಿತು. ಅವನನ್ನು ಕೂಲಿ ಅಂದ್ರು, ಬಲ್ಲವ ಅನ್ನಲಿಲ್ಲ.

ನನ್ನ ಬೇಡಿಕೆ ಸಣ್ಣದು. ಹುನಗುಂದದಿಂದ ಬಾದಾಮಿತನಕ ಗುಡಿ ಮುಂದಿನ ಫಲಕಗಳಲ್ಲಿ ರಾಜನ ಹೆಸರಿನ ಕೆಳಗೆ ಇನ್ನೆರಡು ಸಾಲು ಸೇರಿಸ್ರಿ: ಇದು ಯಾವ ಕಲ್ಲು, ಯಾವ ಕೆಲಸದಿಂದ ಹೀಗಾಯ್ತು. ಕೆಲಸ ಬರೆದರೆ ಕೈ ತಾನಾಗಿ ಕಾಣುತ್ತೆ.